ಸಿ.ಎ. ಸಹಿಯ ಮೇಲಿನ ಪ್ಯಾರಾ ಓದಿದ್ದೀರಾ?

ಮೂರು ತಿಂಗಳಿಗೊಮ್ಮೆ ದಿನಪತ್ರಿಕೆಗಳಲ್ಲಿ ಕಂಪನಿಗಳ ಫಲಿತಾಂಶದ ಜಾಹೀರಾತುಗಳು ಸಾಲುಗಟ್ಟಿ ಬರುತ್ತವೆ. ಅವುಗಳಲ್ಲಿ ಹೆಚ್ಚಿನವುಗಳ ತಲೆಬರಹದಲ್ಲೇ ‘ಅನ್‌ಆಡಿಟೆಡ್’ ಎಂಬ ಪದ ಇರುತ್ತದೆ. ಅಂದರೆ ಯಾವ ಸಿ.ಎ.ಯೂ ಈ ಲೆಕ್ಕವನ್ನು ನೋಡಿಲ್ಲವೇ? ನೋಡಿರುತ್ತಾರೆ, ಸಹಿ ಹಾಕಿದ ವರದಿಯನ್ನೂ ಕೊಟ್ಟಿರುತ್ತಾರೆ. ಆದರೆ ಅವರು ಮಾಡಿದ್ದು ಆಡಿಟ್ ಅಲ್ಲ, ‘ಲಿಮಿಟೆಡ್ ರಿವ್ಯೂ’. ಸೆಬಿ ನಿಯಮದಂತೆ ಷೇರುಪೇಟೆಯ ಕಂಪನಿಗಳು ತ್ರೈಮಾಸಿಕ ಫಲಿತಾಂಶವನ್ನು 45 ದಿನಗಳೊಳಗೆ ಪ್ರಕಟಿಸಬೇಕು, ಅದಕ್ಕೆ ರಿವ್ಯೂ ಆಗಿದ್ದರೂ ಸಾಕು. ಇಡೀ ವರ್ಷದ ಲೆಕ್ಕಕ್ಕೆ 60 ದಿನ ಸಿಗುತ್ತದೆ, ಆದರೆ ಅದು ಆಡಿಟ್ ಆಗಿರಲೇಬೇಕು. ಬೆಂಗಳೂರಿನ ಇನ್ಫೋಸಿಸ್‌ನಂತೆ ತ್ರೈಮಾಸಿಕ ಲೆಕ್ಕವನ್ನೂ ಆಡಿಟ್ ಮಾಡಿಸುವ ಕಂಪನಿಗಳಿವೆ, ಆದರೆ ಅದು ಅವರ ಆಯ್ಕೆ.

ಸಿ.ಎ.ಗಳು ಸಹಿ ಹಾಕುವ ಮೂರನೆಯ ಬಗೆಯ ಕೆಲಸವೊಂದಿದೆ. ವೃತ್ತಿಯವರು ಅದನ್ನು ‘ಅಗ್ರೀಡ್ ಅಪಾನ್ ಪ್ರೊಸೀಜರ್ಸ್’ ಎನ್ನುತ್ತಾರೆ, ಬರವಣಿಗೆಯಲ್ಲಿ ಎಯುಪಿ. ಯಾವ ಯಾವ ತಪಾಸಣೆ ಮಾಡಬೇಕೆಂದು ಕೆಲಸ ಕೊಟ್ಟವರು ಮತ್ತು ಸಿ.ಎ. ಮೊದಲೇ ಒಪ್ಪಿಕೊಂಡು, ಅಷ್ಟನ್ನು ಮಾತ್ರ ಮಾಡಿ, ಕಂಡದ್ದನ್ನು ಬರೆದುಕೊಡುವ ಕೆಲಸ ಇದು. ಹೊರಗಿನವರಿಗೆ ಮೂರೂ ಒಂದೇ ಥರ ಕಾಣುತ್ತವೆ. ಅದೇ ಲೆಟರ್‌ಹೆಡ್, ಅದೇ ಸೀಲು. ಹಾಗಾಗಿ ಎಲ್ಲದಕ್ಕೂ ಜನ ‘ಆಡಿಟ್ ಆಗಿದೆ’ ಎಂದುಬಿಡುತ್ತಾರೆ.

ವ್ಯತ್ಯಾಸ ಕಾಣಬೇಕಾದರೆ ಒಂದೇ ಲೆಕ್ಕವನ್ನು ಮೂರೂ ಬಗೆಯಲ್ಲಿ ನೋಡಬೇಕು. ಮೈಸೂರಿನ ಒಬ್ಬ ಅಗರಬತ್ತಿ ತಯಾರಕರನ್ನು ಕಲ್ಪಿಸಿಕೊಳ್ಳಿ. ಹೋದ ವರ್ಷ ಅವರ ಮಾರಾಟ ಐದೂವರೆ ಕೋಟಿ ರೂಪಾಯಿ, ಡೀಲರುಗಳಿಂದ ಬರಬೇಕಾದ ಬಾಕಿ 75 ಲಕ್ಷ. ಈ ವರ್ಷ ಮಾರಾಟ ಆರು ಕೋಟಿ, ಬಾಕಿ 1.20 ಕೋಟಿ. ಈ ಬಾಕಿಯಲ್ಲಿ ಹುಬ್ಬಳ್ಳಿಯ ಡೀಲರೊಬ್ಬರ ಹೆಸರಿನಲ್ಲಿ 24 ಲಕ್ಷವಿದೆ. ಅದರಲ್ಲೊಂದು ಮರ್ಮವಿದೆ: 15 ಲಕ್ಷದ ಬಿಲ್ಲುಗಳನ್ನು ಮಾರ್ಚ್ 29ರಂದು ಬರೆದಿದ್ದಾರೆ, ಸರಕು ಲಾರಿ ಹತ್ತಿದ್ದು ಏಪ್ರಿಲ್ 4ರಂದು. ಅಂದರೆ ಮುಂದಿನ ವರ್ಷದ ಮಾರಾಟವನ್ನು ಈ ವರ್ಷಕ್ಕೆ ಎಳೆದುಕೊಂಡಿದ್ದಾರೆ. ಬ್ಯಾಂಕಿನಲ್ಲಿ ಸಾಲದ ಮಿತಿ ಏರಿಸಿಕೊಳ್ಳಲು ಇದು ಹಳೆಯ ಉಪಾಯ.

ರಿವ್ಯೂ ಮಾಡುವ ಸಿ.ಎ.ಯ ಮುಖ್ಯ ಸಾಧನಗಳು ಎರಡು: ಪ್ರಶ್ನೆ ಮತ್ತು ಹೋಲಿಕೆ. ಹೋದ ವರ್ಷದ ಬಾಕಿ ಸುಮಾರು 50 ದಿನಗಳ ಮಾರಾಟಕ್ಕೆ ಸಮವಾಗಿತ್ತು, ಈಗ ಅದು 73 ದಿನಕ್ಕೆ ಏರಿದೆ. ಮಾರಾಟ ನೂರಕ್ಕೆ ಒಂಬತ್ತರಷ್ಟು ಬೆಳೆದಿದ್ದರೆ ಬಾಕಿ ನೂರಕ್ಕೆ ಅರವತ್ತರಷ್ಟು ಉಬ್ಬಿದೆ. ಇದು ಅವರ ಕಣ್ಣಿಗೆ ಬಿದ್ದೇ ಬೀಳುತ್ತದೆ. ‘ಯಾಕೆ ಸ್ವಾಮಿ?’ ಎಂದು ಕೇಳುತ್ತಾರೆ. ‘ಪೈಪೋಟಿ ಜಾಸ್ತಿಯಾಗಿದೆ ಸಾರ್, ಡೀಲರುಗಳಿಗೆ ಇನ್ನೊಂದು ತಿಂಗಳು ಗಡುವು ಕೊಟ್ಟಿದ್ದೇವೆ’ ಎಂಬ ಉತ್ತರ ಬರುತ್ತದೆ. ಉತ್ತರ ನಂಬುವಂತಿದ್ದು, ಉಳಿದ ಅಂಕಿಗಳಿಗೂ ಹೊಂದಿದರೆ ರಿವ್ಯೂ ಅಲ್ಲಿಗೆ ಮುಂದಕ್ಕೆ ಸಾಗಬಹುದು. ಹೊಂದದಿದ್ದರೆ, ಲೆಕ್ಕದಲ್ಲಿ ದೊಡ್ಡ ತಪ್ಪಿರಬಹುದು ಅನ್ನಿಸಿದರೆ, ಇನ್ನಷ್ಟು ಕೆದಕಲೇಬೇಕು ಎನ್ನುತ್ತದೆ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ ಐಸಿಎಐನ ಮಾನದಂಡ. ಆದರೆ ಲಾರಿ ಯಾವತ್ತು ಹೊರಟಿತೆಂದು ನೋಡುವುದು ರಿವ್ಯೂದ ವಾಡಿಕೆಯ ಕೆಲಸವಲ್ಲ. ಆದ್ದರಿಂದಲೇ ಅದರ ತೀರ್ಮಾನ ಇಲ್ಲಗಳ ಮೇಲೆ ನಿಂತಿರುತ್ತದೆ: ಈ ಲೆಕ್ಕಪತ್ರ ತಪ್ಪೆಂದು ನಂಬಲು ಕಾರಣವಾಗುವ ಯಾವುದೂ ನಮ್ಮ ಗಮನಕ್ಕೆ ಬಂದಿಲ್ಲ. ಸರಿ ಇದೆ ಎಂದು ಅದು ಹೇಳುವುದಿಲ್ಲ. ಇದಕ್ಕೆ ಸೀಮಿತ ಭರವಸೆ ಎಂದು ಹೆಸರು.

ಆಡಿಟರ್‌ನ ದಾರಿ ಬೇರೆ. ಮಾರ್ಚ್ 31ರ ಆಸುಪಾಸಿನಲ್ಲಿ ಗೋಡೌನಿಗೆ ಹೋಗಿ, ಸರಕು ಎಣಿಸುವಾಗ ಎದುರಿಗೆ ನಿಂತಿರುತ್ತಾರೆ. ಅಂದು ಹೊರಗೆ ಹೋದ ಕೊನೆಯ ಡೆಲಿವರಿ ಚಲನ್‌ನ ನಂಬರು ಬರೆದುಕೊಳ್ಳುತ್ತಾರೆ. ಈ ಸಣ್ಣ ಕೆಲಸದ ಬೆಲೆ ಗೊತ್ತಾಗುವುದು ಆಮೇಲೆ: ಮಾರ್ಚ್ 29ರ ಬಿಲ್ಲಿಗೆ ಅದಕ್ಕಿಂತ ಮುಂದಿನ ನಂಬರಿನ ಚಲನ್ ಇದ್ದರೆ ಕಳ್ಳತನ ಅಲ್ಲೇ ಬಯಲು. ಜೊತೆಗೆ ಹುಬ್ಬಳ್ಳಿಯ ಡೀಲರಿಗೆ ‘ಮಾರ್ಚ್ 31ಕ್ಕೆ ನಿಮ್ಮಿಂದ ಬರಬೇಕಾದದ್ದೆಷ್ಟು?’ ಎಂಬ ಪತ್ರ ಹೋಗುತ್ತದೆ. ಉತ್ತರ ಬರಬೇಕಾದದ್ದು ಮಾಲೀಕರ ಕೈಗಲ್ಲ, ನೇರವಾಗಿ ಆಡಿಟರ್ ಕೈಗೆ. ‘ಒಂಬತ್ತು ಲಕ್ಷ’ ಎಂಬ ಉತ್ತರ ಬಂದರೆ ಉಳಿದ 15 ಲಕ್ಷಕ್ಕೆ ಮಾಲೀಕರು ಲೆಕ್ಕ ಒಪ್ಪಿಸಬೇಕು. ಇಷ್ಟೆಲ್ಲ ಮಾಡಿದ ಮೇಲೆಯೇ ಆಡಿಟರ್, ಲೆಕ್ಕಪತ್ರ ಸತ್ಯವೂ ನ್ಯಾಯವೂ ಆದ ಚಿತ್ರವನ್ನು ಕೊಡುತ್ತದೆ ಎಂದು ನೇರವಾಗಿ ಹೇಳುವುದು.

ಆದರೂ ಅದು ಪೂರ್ಣ ಖಾತರಿಯಲ್ಲ, ‘ಸಮಂಜಸ ಭರವಸೆ’ ಮಾತ್ರ. ಎಲ್ಲ ಬಿಲ್ಲುಗಳನ್ನೂ ಯಾರೂ ನೋಡುವುದಿಲ್ಲ, ಆಯ್ದು ನೋಡುತ್ತಾರೆ. ಮೇಲೆ ಹೇಳಿದ ‘ನೇರವಾಗಿ’ ಎಂಬುದನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಸತ್ಯಂ ಸಾಕ್ಷಿ. 2009ರ ಜನವರಿ 7ರಂದು ರಾಮಲಿಂಗ ರಾಜು ಬರೆದ ಪತ್ರದ ಪ್ರಕಾರ ಪುಸ್ತಕದಲ್ಲಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ. ಅದು ಪೂರ್ತಿ ಆಡಿಟ್ ಆದ ಲೆಕ್ಕ. ಬ್ಯಾಂಕುಗಳಿಗೆ ದೃಢೀಕರಣ ಪತ್ರ ಕಳಿಸುವ ಮತ್ತು ತರಿಸಿಕೊಳ್ಳುವ ಕೆಲಸವನ್ನು ಆಡಿಟರುಗಳು ಕಂಪನಿಗೇ ಬಿಟ್ಟುಕೊಟ್ಟಿದ್ದರು ಎಂದು ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆ 2011ರಲ್ಲಿ ಹೇಳಿತು.

ಇನ್ನು ಎಯುಪಿ. ಬ್ಯಾಂಕು ಸಿ.ಎ.ಗೆ ಹೀಗೆ ಹೇಳಿದೆ ಎನ್ನಿ: ಬಾಕಿಯಲ್ಲಿ ದೊಡ್ಡದಾದ 20 ಬಿಲ್ಲು ತೆಗೆದುಕೊಂಡು ಲೆಡ್ಜರಿನ ಜೊತೆ ತಾಳೆ ನೋಡಿ. ಸಿ.ಎ. ನೋಡುತ್ತಾರೆ. ಬಿಲ್ಲಿನಲ್ಲಿ ಮಾರ್ಚ್ 29, ಲೆಡ್ಜರಿನಲ್ಲೂ ಮಾರ್ಚ್ 29. ‘20 ಬಿಲ್ಲುಗಳೂ ತಾಳೆಯಾದವು’ ಎಂದು ವರದಿ ಬರುತ್ತದೆ. ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. 15 ಲಕ್ಷ ಮಾತ್ರ ಹಾಗೇ ಉಳಿದುಕೊಂಡಿತು, ಏಕೆಂದರೆ ಲಾರಿ ರಸೀದಿ ನೋಡಿ ಎಂದು ಯಾರೂ ಹೇಳಿರಲಿಲ್ಲ. ‘ಪ್ರತಿ ಬಿಲ್ಲಿನ ಲಾರಿ ರಸೀದಿಯ ದಿನಾಂಕವನ್ನೂ ಬರೆಯಿರಿ’ ಎಂಬ ಒಂದು ಸಾಲು ಸೇರಿಸಿದ್ದರೆ, ರಿವ್ಯೂ ತಪ್ಪಿಸಿಕೊಂಡದ್ದನ್ನು ಈ ಅಗ್ಗದ ಕೆಲಸವೇ ಹಿಡಿಯುತ್ತಿತ್ತು.

ಎಯುಪಿಯ ಬಲವೂ ಬಲಹೀನತೆಯೂ ಇದೇ. ಯಾವ ತಪಾಸಣೆ ಸಾಕು, ಯಾವುದು ಸಾಲದು ಎಂಬ ಹೊಣೆ ಕೇಳಿದವರದು, ಸಿ.ಎ.ಯದಲ್ಲ. ವರದಿಯಲ್ಲಿ ಕಂಡದ್ದು ಇರುತ್ತದೆ, ಅಭಿಪ್ರಾಯ ಇರುವುದಿಲ್ಲ, ಭರವಸೆಯಂತೂ ಇಲ್ಲವೇ ಇಲ್ಲ. ಇದನ್ನು ವರದಿಯೇ ಹೇಳಿಕೊಳ್ಳುತ್ತದೆ. ಒಪ್ಪಂದ ಮಾಡಿಕೊಂಡವರಿಗಷ್ಟೇ ಈ ವರದಿ, ಪ್ರಶ್ನೆ ಏನಿತ್ತೆಂದು ತಿಳಿಯದ ಮೂರನೆಯವರು ಓದಿದರೆ ದಾರಿ ತಪ್ಪುತ್ತಾರೆ ಎಂದೂ ಅದರಲ್ಲಿ ಬರೆದಿರುತ್ತದೆ. ನನ್ನ ದೃಷ್ಟಿಯಲ್ಲಿ ಮೂರರಲ್ಲಿ ಹೆಚ್ಚು ದುರುಪಯೋಗವಾಗಬಹುದಾದದ್ದು ಇದೇ. ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ಹಳೆಯ ಸಮಿತಿಯವರು ‘ಸಿ.ಎ. ನೋಡಿದ್ದಾರೆ, ಎಲ್ಲ ತಾಳೆಯಾಗಿದೆ’ ಎಂದು ಇಂಥ ಹಾಳೆಯೊಂದನ್ನು ಎತ್ತಿ ತೋರಿಸಿದರೆ ಎಷ್ಟು ಜನ ‘ಏನನ್ನು ನೋಡಲು ಹೇಳಿದ್ದಿರಿ?’ ಎಂದು ಕೇಳುತ್ತಾರೆ? ಹಾಗೆಂದು ಎಯುಪಿ ಕೀಳಲ್ಲ. ಜನರೇಟರಿನ ಡೀಸೆಲ್ ಬಿಲ್ಲಿನ ಮೇಲಷ್ಟೇ ಅನುಮಾನವಿದ್ದರೆ ಸಂಘದ ಇಡೀ ಲೆಕ್ಕ ಆಡಿಟ್ ಮಾಡಿಸುವ ಬದಲು, ಡೀಸೆಲ್ ಬಿಲ್ಲು ಮತ್ತು ಜನರೇಟರ್ ಓಡಿದ ಗಂಟೆಗಳ ಲಾಗ್‌ಬುಕ್ ಎರಡನ್ನೂ ತಿಂಗಳುವಾರು ಎದುರುಬದುರು ಇಟ್ಟು ತೋರಿಸಿ ಎಂದು ಕೇಳುವುದೇ ಜಾಣತನ.

ಸಿ.ಎ. ಸಹಿ ಇರುವ ಕಾಗದ ಕೈಗೆ ಬಂದಾಗ ಮೊದಲು ಅಂಕಿಗಳನ್ನು ನೋಡಬೇಡಿ, ತೀರ್ಮಾನದ ಪ್ಯಾರಾ ಹುಡುಕಿ. ‘ನಮ್ಮ ಅಭಿಪ್ರಾಯದಲ್ಲಿ’ ಎಂದಿದ್ದರೆ ಆಡಿಟ್. ‘ನಮ್ಮ ಗಮನಕ್ಕೆ ಬಂದಿಲ್ಲ’ ಎಂದಿದ್ದರೆ ರಿವ್ಯೂ. ತೀರ್ಮಾನವೇ ಇಲ್ಲದೆ ಮಾಡಿದ ಕೆಲಸ ಮತ್ತು ಕಂಡದ್ದರ ಪಟ್ಟಿ ಮಾತ್ರ ಇದ್ದರೆ ಎಯುಪಿ, ಆಗ ಪಟ್ಟಿಯಲ್ಲಿ ಏನಿಲ್ಲ ಎಂಬುದನ್ನು ಹುಡುಕಿ. ಆಡಿಟ್ ವರದಿಗೂ ಪ್ರಮಾಣಪತ್ರಕ್ಕೂ 2019ರಿಂದ ಯುಡಿಐಎನ್ ಎಂಬ 18 ಅಕ್ಷರ-ಅಂಕಿಗಳ ಗುರುತು ಕಡ್ಡಾಯವಾಗಿದೆ. ಅದನ್ನು udin.icai.org ತಾಣದಲ್ಲಿ ಹಾಕಿದರೆ ಆ ಸಿ.ಎ. ಸಹಿ ಹಾಕಿದ್ದು ಯಾವ ಬಗೆಯ ದಾಖಲೆಗೆ ಎಂಬುದು ಯಾರಿಗಾದರೂ ಕಾಣುತ್ತದೆ.