ಶಿಡ್ಲಘಟ್ಟದ ಗಡಸು ನೀರು, ಎರಡು ಪುಟದ ಲೇಖನ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಹತ್ತಿರದ ಒಂದು ಓಣಿಯಲ್ಲಿ ನಮ್ಮ ಬಂಟ್ವಾಳ ಕಡೆಯವರೊಬ್ಬರು ಅಂಗಡಿ ಇಟ್ಟಿದ್ದಾರೆ. ಬಾಯ್ಲರ್ ವಾಲ್ವ್, ಪೈಪು, ಗಡಸು ನೀರನ್ನು ಮೆದು ಮಾಡುವ ಸಾಫ್ಟ್‌ನರ್ ಅವರ ವ್ಯಾಪಾರ. ಗಿರಾಕಿಗಳು ಗೂಡು ಬೇಯಿಸಿ ನೂಲು ತೆಗೆಯುವ ರೀಲರ್‌ಗಳು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಗಾಗಿ ಹಾಕುವುದಿಲ್ಲ.

ಅವರ ಕಷ್ಟ ಇಷ್ಟೇ. ಶಿಡ್ಲಘಟ್ಟದ ರೀಲರ್‌ಗಳಲ್ಲಿ ಅನೇಕರಿಗೆ ಇದು ಅಪ್ಪ, ಅಜ್ಜನ ಕಾಲದಿಂದ ಬಂದ ಕಸುಬು. "ಸಮುದ್ರದ ಬದಿಯಿಂದ ಬಂದವನಿಗೆ ಗೂಡಿನ ವಿಷಯ ಎಂತ ಗೊತ್ತು ಅಂತ ಅವರಿಗೆ ಅನಿಸುವುದು ಸಹಜ ಅಲ್ವಾ ಮಾರಾಯ್ರೇ" ಎಂದರು. ಕರಪತ್ರ ಹಂಚಿದರು, ಯಾರೂ ಓದಲಿಲ್ಲ. ಕೊನೆಗೆ ರೇಷ್ಮೆ ಉದ್ಯಮದ ಒಂದು ಮಾಸಿಕಕ್ಕೆ ಲೇಖನ ಬರೆಯುವ ಯೋಚನೆ ಬಂತು. ಹೇಳುವವನು ತಾನೇ ಆದರೂ, ನಡುವೆ ಒಬ್ಬ ಸಂಪಾದಕ ಕೂತು ಜರಡಿ ಹಿಡಿದಿದ್ದಾನೆ ಎಂಬ ನಂಬಿಕೆ ಓದುವವರಿಗೆ ಇರುತ್ತದೆ.

ಅವರು ಕಳಿಸಿದ ಮೊದಲ ಪತ್ರವನ್ನು ನಾವು ನೋಡಿದೆವು. "ನಮ್ಮಲ್ಲಿ ಉತ್ತಮ ಗುಣಮಟ್ಟದ ಸಾಫ್ಟ್‌ನರ್ ಲಭ್ಯ, ಈ ಬಗ್ಗೆ ಲೇಖನ ಬರೆಯಲು ಇಚ್ಛಿಸುತ್ತೇನೆ" ಎಂದಿತ್ತು. ಉತ್ತರ ಬರಲಿಲ್ಲ. ಬರುವುದೂ ಇಲ್ಲ. ಅದು ಜಾಹೀರಾತು, ಜಾಹೀರಾತಿಗೆ ಪತ್ರಿಕೆಯಲ್ಲಿ ಬೇರೆ ಜಾಗ, ಬೇರೆ ದರ ಉಂಟು. ಸಂಪಾದಕ ನೋಡುವುದು ತನ್ನ ಓದುಗನಿಗೆ ಇದರಿಂದ ಏನು ಸಿಗುತ್ತದೆ ಎಂದು ಮಾತ್ರ.

ಹಾಗಾದರೆ ರೀಲರ್‌ಗೆ ಬೇಕಾದದ್ದು ಏನು? ಅವನ ಲೆಕ್ಕವೆಲ್ಲ ನಿಂತಿರುವುದು ರೆಂಡಿಟ್ಟದ ಮೇಲೆ. ಒಂದು ಕೆ.ಜಿ. ನೂಲಿಗೆ ಎಷ್ಟು ಕೆ.ಜಿ. ಗೂಡು ಬೇಕು ಎಂಬುದೇ ರೆಂಡಿಟ್ಟ. 100 ಕೆ.ಜಿ. ಗೂಡಿಗೆ 12.5 ಕೆ.ಜಿ. ನೂಲು ಬಂದರೆ ರೆಂಡಿಟ್ಟ 8. ಅದೇ ಗೂಡಿಗೆ 13 ಕೆ.ಜಿ. ಬಂದರೆ 7.7. ಅರ್ಧ ಕೆ.ಜಿ. ನೂಲಿನ ಬೆಲೆ ಎಷ್ಟೆಂದು ರೀಲರ್‌ಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೂಡಿನ ಎಳೆಗಳನ್ನು ಹಿಡಿದಿಟ್ಟಿರುವ ಅಂಟು ಬಿಸಿ ನೀರಿನಲ್ಲಿ ಮೆದುವಾದರೆ ಎಳೆ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ಈ ಬಯಲು ಜಿಲ್ಲೆಯ ಆಳದ ಬೋರ್‌ವೆಲ್ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚಿರುವ ಕಡೆ ಅಂಟು ಸರಿಯಾಗಿ ಸಡಿಲವಾಗದೆ ಎಳೆ ಪದೇ ಪದೇ ತುಂಡಾಗುತ್ತದೆ. ಬಾಯ್ಲರ್ ಒಳಗೆ ಬಿಳಿ ಪದರ ಕಟ್ಟಿ ಸೌದೆಯೂ ಜಾಸ್ತಿ ಬೇಕಾಗುತ್ತದೆ.

ಇದು ಲೇಖನದ ವಿಷಯ ಹೌದು. ಆದರೆ ಪುರಾವೆ ಬೇಕಲ್ಲ? ಪರಿಚಯದ ರೀಲರ್ ಒಬ್ಬರನ್ನು ಒಪ್ಪಿಸಿ ಇವರು ಪರೀಕ್ಷೆ ನಡೆಸಿದರು. ಒಂದೇ ಲಾಟಿನ ಗೂಡನ್ನು ತೂಗಿ ಎರಡು ಪಾಲು ಮಾಡಿ, ಒಂದನ್ನು ಬೋರ್‌ವೆಲ್ ನೀರಿನಲ್ಲಿ, ಇನ್ನೊಂದನ್ನು ಮೆದು ಮಾಡಿದ ನೀರಿನಲ್ಲಿ ಬೇಯಿಸಿದರು. ಮೊದಲ ದಿನದ ವ್ಯತ್ಯಾಸ ನೋಡಿ ಖುಷಿಯಲ್ಲಿ ಬರೆಯಲು ಕೂತಿದ್ದರಂತೆ. ಆ ಮನೆಯ ಹಿರಿಯರು ತಡೆದರು. "ಆ ಬೇಸಿನ್‌ನಲ್ಲಿ ಕೂತ ಹೆಣ್ಣುಮಗಳ ಕೈಯೇ ಚೆನ್ನಾಗಿದೆ ಸಾಬ್, ನಿಮ್ಮ ನೀರಲ್ಲ!" ಮಾತು ಸರಿ ಇತ್ತು. ಮರುದಿನದಿಂದ ಕೆಲಸದವರ ಜಾಗ ಅದಲು ಬದಲು ಮಾಡಿ, ಬೇರೆ ಬೇರೆ ಲಾಟಿನಲ್ಲಿ ಹಲವು ದಿನ ನೋಡಿದರು. ಕೆಲವು ದಿನ ವ್ಯತ್ಯಾಸವೇ ಕಾಣಲಿಲ್ಲ, ಅದನ್ನೂ ಪುಸ್ತಕದಲ್ಲಿ ಬರೆದುಕೊಂಡರು.

ಎರಡನೆಯ ಪತ್ರ ಒಂದು ಪುಟಕ್ಕಿಂತ ಕಡಿಮೆ. ಅದರ ಸಾರ ಹೀಗಿತ್ತು: "ಬೋರ್‌ವೆಲ್ ನೀರಿನಿಂದ ನೂಲು ಎಷ್ಟು ನಷ್ಟವಾಗುತ್ತದೆ ಎಂದು ರೀಲರ್ ತಾನೇ ತನ್ನ ಬೇಸಿನ್‌ನಲ್ಲಿ ಕಂಡುಕೊಳ್ಳುವ ವಿಧಾನ ಬರೆಯುತ್ತೇನೆ. ಶಿಡ್ಲಘಟ್ಟದ ಒಂದು ಘಟಕದಲ್ಲಿ ಪ್ರಯತ್ನಿಸಿದ ದಿನವಾರು ಲೆಕ್ಕವಿದೆ, ವ್ಯತ್ಯಾಸ ಕಾಣದ ದಿನಗಳೂ ಸೇರಿ. ಸುಮಾರು 900 ಪದ, ಎರಡು ಫೋಟೋ. ನಾನು ಸಾಫ್ಟ್‌ನರ್ ಮಾರುವವನು. ಲೇಖನದಲ್ಲಿ ಅಂಗಡಿಯ ಹೆಸರಾಗಲಿ ಕಂಪನಿಯ ಹೆಸರಾಗಲಿ ಇರುವುದಿಲ್ಲ. ಬೇರೆ ಯಾರಿಗೂ ಕೊಟ್ಟಿಲ್ಲ." ಮಾರುವವನು ಎಂಬ ಮಾತು ಬಿಟ್ಟುಬಿಡೋಣ ಎಂದು ಮನೆಯವರು ಹೇಳಿದ್ದರಂತೆ. ಬಿಡದ್ದು ಒಳ್ಳೆಯದಾಯಿತು ಎಂದು ನಮಗೂ ಅನಿಸಿತು. ಮುಚ್ಚಿಟ್ಟು ನಂತರ ಗೊತ್ತಾದರೆ ಲೇಖನವೂ ಹೋಯಿತು, ಮುಂದಿನ ಬಾಗಿಲೂ ಮುಚ್ಚಿತು.

ಮೂರು ವಾರ ಸುದ್ದಿಯಿಲ್ಲ. ಎರಡೇ ಸಾಲಿನ ನೆನಪೋಲೆ ಹಾಕಿದರು. ಆಗ ಸಂಪಾದಕರ ಫೋನ್ ಬಂತು, ಒಂದೇ ಪ್ರಶ್ನೆ: ನಿಮ್ಮ ಸಾಫ್ಟ್‌ನರ್ ಎಲ್ಲಿ ಕೆಲಸಕ್ಕೆ ಬರುವುದಿಲ್ಲ?

ಈ ಪ್ರಶ್ನೆಯೇ ಲೇಖನವನ್ನು ಲೇಖನ ಮಾಡಿದ್ದು. ಸಾಫ್ಟ್‌ನರ್ ಒಳಗಿನ ರಾಳದ ಕಾಳುಗಳು ಸುಣ್ಣದ ಅಂಶ ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತವೆ. ಆಗಾಗ ಉಪ್ಪುನೀರು ಹಾಯಿಸಿ ತೊಳೆಯದಿದ್ದರೆ ಸುಸ್ತಾಗಿ, ಗಡಸು ನೀರು ಹಾಗೆಯೇ ದಾಟಿ ಬರುತ್ತದೆ. ಇದನ್ನು ಹನಿ ಪರೀಕ್ಷೆಯ ಸಣ್ಣ ಕಿಟ್‌ನಿಂದ ನೋಡಬಹುದು. ಬಣ್ಣದ ಪುಡಿ ಹಾಕಿದ ನೀರು ಕೆಂಪಾದರೆ ಗಡಸು, ನೀಲಿಯಾದರೆ ಮೆದು. ಇಷ್ಟು ಹೇಳುವುದು ಸುಲಭ. ವ್ಯಾಪಾರಿಗೆ ಕಷ್ಟದ ಮಾತು ಇನ್ನೊಂದಿತ್ತು: ಸಾಫ್ಟ್‌ನರ್ ನೀರಿನ ಕ್ಷಾರವನ್ನು ತೆಗೆಯುವುದಿಲ್ಲ. ಕ್ಷಾರ ಹೆಚ್ಚಿರುವ ನೀರು ಕುದಿಯುತ್ತಾ ಇನ್ನಷ್ಟು ಕ್ಷಾರವಾಗುತ್ತದೆ. ಆಗ ಗೂಡಿನ ಅಂಟು ಮೆದುವಾಗುವುದಲ್ಲ, ಕರಗಿಯೇ ಹೋಗುತ್ತದೆ. ಅಂಟೂ ನೂಲಿನ ತೂಕದ ಒಂದು ಪಾಲು ತಾನೇ? ಎಳೆ ಸಲೀಸಾಗಿ ಬಂದರೂ ತಕ್ಕಡಿಯಲ್ಲಿ ನೂಲು ಕಡಿಮೆ. ಅಂಥ ನೀರಿಗೆ ಸಾಫ್ಟ್‌ನರ್ ಒಂದೇ ಸಾಲದು, ಮೊದಲು ನೀರು ಪರೀಕ್ಷೆ ಮಾಡಿಸಿ ಎಂದು ಅವರು ಬರೆದರು. ತಿಳಿದವರೊಬ್ಬರಿಗೆ ಓದಿಸಿ ತಪ್ಪು ತಿದ್ದಿಸಿಕೊಂಡರು. ಚಿಂತಾಮಣಿಯ ಕುರುಬೂರಿನಲ್ಲಿ ಕೃಷಿ ಕಾಲೇಜು, ಬೆಂಗಳೂರಿನಲ್ಲಿ ಕೇಂದ್ರ ರೇಷ್ಮೆ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಇರುವಾಗ ಇಂಥ ವಿಷಯಕ್ಕೆ ಕಣ್ಣಾಡಿಸುವವರು ಸಿಗದೆ ಇರುವುದಿಲ್ಲ.

ಲೇಖನ ಎರಡು ಪುಟದಲ್ಲಿ ಬಂತು. ಕೊನೆಗೆ ಹೆಸರು, ಊರು, ಕಸುಬು, ಫೋನ್ ನಂಬರ್ ಎರಡು ಸಾಲು. ಈ ಎರಡು ಸಾಲನ್ನು ಮೊದಲೇ ಕೇಳಿಕೊಳ್ಳಬೇಕು. ನಂಬರ್ ಇಲ್ಲದ ಲೇಖನದಿಂದ ಹೆಸರು ಬರಬಹುದು, ಪರಿಚಯ ಬರುವುದಿಲ್ಲ. ಹಣವೇನೂ ಬರಲಿಲ್ಲ, ಉದ್ಯಮ ಪತ್ರಿಕೆಗಳಲ್ಲಿ ಸಂಭಾವನೆ ಅಪರೂಪ. ಆದರೆ ಪ್ರಕಟಿಸಲು ನಿಮ್ಮಿಂದಲೇ ಹಣ ಕೇಳಿದರೆ ಅದು ಲೇಖನವಲ್ಲ, ಜಾಗದ ಮಾರಾಟ ಎಂದು ತಿಳಿಯಿರಿ.

ನಮ್ಮ ಕರಾವಳಿಯವರಿಗೆ ಇದು ಹೊಸ ದಾರಿಯಲ್ಲ. ಪುತ್ತೂರಿನಿಂದ 1988ರಲ್ಲಿ ಶುರುವಾದ 'ಅಡಿಕೆ ಪತ್ರಿಕೆ' ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಸಂಪಾದಕ ಶ್ರೀ ಪಡ್ರೆಯವರ ಬಳಗ ಅದಕ್ಕೆಂದೇ ಶಿಬಿರಗಳನ್ನು ನಡೆಸಿತು. ತೋಟದಲ್ಲಿ ಮಾಡಿ ನೋಡಿದವನೇ ಬರೆದಾಗ ಓದುವವನು ನಂಬುತ್ತಾನೆ ಎಂಬುದು ಅಲ್ಲಿನ ಲೆಕ್ಕ. ರೇಷ್ಮೆಗೆ ಕೇಂದ್ರ ರೇಷ್ಮೆ ಮಂಡಳಿಯ 'ಇಂಡಿಯನ್ ಸಿಲ್ಕ್' ಇದೆ. ಯಾವುದಕ್ಕೇ ಬರೆಯಿರಿ, ಮೊದಲು ಅದರ ಐದಾರು ಹಳೆಯ ಸಂಚಿಕೆ ಓದಿ. ನಿಮ್ಮ ವಿಷಯ ಹೋದ ತಿಂಗಳೇ ಬಂದಿದ್ದರೆ ಪತ್ರ ಹಾಕಿ ಪ್ರಯೋಜನ ಎಂತ?

ಲೇಖನ ಬಂದ ಮೇಲೆ ಒಂದು ಮಾರಾಟ ತಪ್ಪಿತು. ಸಾಫ್ಟ್‌ನರ್ ತೆಗೆದುಕೊಳ್ಳಲು ಹೊರಟಿದ್ದ ರೀಲರ್ ಒಬ್ಬರು ಓದಿ, ನೀರು ಪರೀಕ್ಷೆ ಮಾಡಿಸಿ, ತಮ್ಮದು ಕ್ಷಾರದ ನೀರೆಂದು ಗೊತ್ತಾಗಿ ಬೇಡ ಎಂದರು. ಈಗ ಅದೇ ರೀಲರ್ ಬೇರೆಯವರನ್ನು ಇವರ ಅಂಗಡಿಗೆ ಕಳಿಸುತ್ತಾರೆ. ಫೋನ್ ಮಾಡಿದವರ ಹೆಸರು, ಊರು, ಕೇಳಿದ ಪ್ರಶ್ನೆಯನ್ನು ಅವರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ. ಬಾಯ್ಲರ್ ಪದರದ ಬಗ್ಗೆ ಕೇಳಿದವರೇ ಜಾಸ್ತಿಯಂತೆ. ಎರಡನೆಯ ಲೇಖನಕ್ಕೆ ಅದೇ ವಿಷಯ ಎಂದು ಸಂಪಾದಕರಿಗೆ ಪತ್ರ ಹಾಕಿ ಆಗಿದೆ.