ವಿಡಿಯೊ ಹಳಸಿದೆಯೋ, ಕಾರಣ ಬೇರೆಯೋ?

ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ದುಡ್ಡು ಕೊಟ್ಟು ಓಡಿಸುವ ಜಾಹೀರಾತು ಒಂದಲ್ಲ ಒಂದು ದಿನ ಹಳಸುತ್ತದೆ. ಅದೇ ವಿಡಿಯೊ ನಾಲ್ಕನೇ ಸಲ ಕಂಡರೆ ಯಾರ ಹೆಬ್ಬೆರಳೂ ನಿಲ್ಲುವುದಿಲ್ಲ. ನಮ್ಮ ಕಸುಬಿನಲ್ಲಿ ಇದಕ್ಕೆ ಕ್ರಿಯೇಟಿವ್ ಫಟೀಗ್ ಎನ್ನುತ್ತೇವೆ. ಆದರೆ ಮಾರಾಟ ಇಳಿದಾಗಲೆಲ್ಲ ಇದೇ ಕಾರಣವೆಂದು ಹೊಸ ಶೂಟಿಂಗ್‌ಗೆ ಹೊರಡುವವರೇ ಹೆಚ್ಚು.

ಪುಣೆಯಲ್ಲಿ ಇಳಕಲ್ ಸೀರೆ ಮಾರುವ ಅಂಗಡಿಯೊಂದರ ಜಾಹೀರಾತು ನಾನು ನೋಡಿಕೊಳ್ಳುತ್ತೇನೆ. ಮರಾಠಿಗರಿಗೆ ಅದು ಇರಕಲ್. ಉಡುವವರು ಇಲ್ಲಿ ಬೇಕಾದಷ್ಟು ಜನ. ಮಾಲೀಕರು ಬಾಗಲಕೋಟೆ ಕಡೆಯವರು. ಐದನೇ ವಾರ ಫೋನ್ ಬಂತು: "ಸರ್, ಆ ವಿಡಿಯೊ ಬಂದ್ ಮಾಡ್ರಿ, ಜನಕ್ಕ ಬ್ಯಾಸರಾಗೇತಿ."

ಬೇಸರವಾಗಿರಬಹುದು, ಆದರೆ ಮೊದಲು ಲೆಕ್ಕ ನೋಡಬೇಕು. ಸುಲಭವಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿ ಹೇಳುತ್ತೇನೆ. ವಾರಕ್ಕೆ 21,000 ರೂಪಾಯಿ ಖರ್ಚು. ಮೊದಲ ವಾರ 45 ಸೀರೆ ಹೋಗಿದ್ದವು, ಅಂದರೆ ಒಂದು ಸೀರೆಗೆ ಸುಮಾರು 467 ರೂಪಾಯಿ ಜಾಹೀರಾತು ವೆಚ್ಚ. ಐದನೇ ವಾರ ಹೋದದ್ದು 24; ವೆಚ್ಚ 875ಕ್ಕೆ ಏರಿತ್ತು.

ಈ ಏರಿಕೆಗೆ ಮೂರು ದಾರಿಗಳಿವೆ. ಒಂದು, ಜಾಗದ ಬೆಲೆಯೇ ಏರಿರಬಹುದು. ಜಾಹೀರಾತನ್ನು ಸಾವಿರ ಸಲ ತೋರಿಸಲು ತಗಲುವ ಖರ್ಚಾದ ಸಿಪಿಎಂ ದೀಪಾವಳಿ ಹತ್ತಿರ ಬಂದಾಗ ಎಲ್ಲರಿಗೂ ಏರುತ್ತದೆ. ಅದಕ್ಕೆ ಹೊಸ ವಿಡಿಯೊ ಮದ್ದಲ್ಲ. ನಮ್ಮದು 150ರಿಂದ 155 ಆಗಿತ್ತು ಅಷ್ಟೆ. ಎರಡು, ಕ್ಲಿಕ್ ಮಾಡಿ ಬಂದವರು ಕೊಳ್ಳದೆ ಹೋಗುತ್ತಿರಬಹುದು. ಹಾಗಿದ್ದರೆ ದೋಷ ವೆಬ್‌ಸೈಟಿನಲ್ಲಿ, ಇಲ್ಲವೇ ಬೇಕಾದ ಬಣ್ಣದ ಸೀರೆ ಮುಗಿದಿದೆ. ನಮ್ಮಲ್ಲಿ ಮೊದಲಿನಂತೆ ನೂರಕ್ಕೆ ಇಬ್ಬರು ಕೊಳ್ಳುತ್ತಲೇ ಇದ್ದರು. ಉಳಿದದ್ದು ಮೂರನೆಯದು: ಕಂಡವರು ಕ್ಲಿಕ್ ಮಾಡುತ್ತಿರಲಿಲ್ಲ. ಸಿಟಿಆರ್ ಶೇ 1.6ರಿಂದ 0.9ಕ್ಕೆ ಕುಸಿದಿತ್ತು. ವಾರದಲ್ಲಿ ಒಬ್ಬರಿಗೆ ಸರಾಸರಿ ಎಷ್ಟು ಸಲ ಕಂಡಿತು ಎನ್ನುವ ಫ್ರೀಕ್ವೆನ್ಸಿ 1.4ರಿಂದ 3.2ಕ್ಕೆ ಹೋಗಿತ್ತು. ಇವೆರಡೂ ಒಟ್ಟಿಗೆ, ವಾರದಿಂದ ವಾರಕ್ಕೆ ಎದುರುಬದುರು ಸಾಗಿದಾಗ ಮಾತ್ರ ಹಳಸಿದೆ ಎನ್ನಬಹುದು. ಫ್ರೀಕ್ವೆನ್ಸಿ 3 ದಾಟಿದರೆ ಅಪಾಯ ಎನ್ನುವ ಸೂತ್ರವನ್ನು ನಾನು ನಂಬುವುದಿಲ್ಲ. ಕಾರ್ಟಿಗೆ ಸೀರೆ ಹಾಕಿ ಬಿಟ್ಟುಹೋದವರಿಗೆ ಆರು ಸಲ ಕಂಡರೂ ಕೆಲಸ ಮಾಡುವುದುಂಟು.

ಮೆಟಾದ ಆ್ಯಡ್ಸ್ ಮ್ಯಾನೇಜರ್ ಕೂಡ Creative fatigue ಎಂದು ಎಚ್ಚರಿಸುತ್ತದೆ. ಆದರೆ ಅದು ಬರುವುದು ವೆಚ್ಚ ನಿಮ್ಮ ಹಿಂದಿನ ಜಾಹೀರಾತುಗಳ ಎರಡರಷ್ಟಾದ ಮೇಲೆ. ಅಲ್ಲಿಯವರೆಗೆ ಕಾದರೆ ದುಡ್ಡು ಆಗಲೇ ಹೋಗಿರುತ್ತದೆ.

ಸರಿ, ಬದಲಿಸಬೇಕಾದದ್ದು ದೃಶ್ಯವನ್ನೋ, ಮಾತನ್ನೋ? ಮೂರು ಸೆಕೆಂಡಾದರೂ ನೋಡಿದ ಸಂಖ್ಯೆಯನ್ನು ಒಟ್ಟು ತೋರಿಸಿದ ಸಂಖ್ಯೆಯಿಂದ ಭಾಗಿಸಿ. ಆ ಪ್ರಮಾಣ ಬಿದ್ದಿದ್ದರೆ ಜನ ಆರಂಭವನ್ನೇ ಗುರುತು ಹಿಡಿದು ದಾಟುತ್ತಿದ್ದಾರೆ. ಅದು ಹಾಗೇ ಇದ್ದು ಕ್ಲಿಕ್ ಮಾತ್ರ ಇಳಿದಿದ್ದರೆ ನೋಡುತ್ತಾರೆ, ಆದರೆ ನಿಮ್ಮ ಮಾತು ಅವರನ್ನು ಎಳೆಯುತ್ತಿಲ್ಲ. ನಮ್ಮದು ಶೇ 30ರಿಂದ 18ಕ್ಕೆ ಬಿದ್ದಿತ್ತು. ಹಿನ್ನೆಲೆಯ ಬಣ್ಣ ಬದಲಿಸಿದರೆ ಸಾಲದು. ಸೀರೆಯುಟ್ಟ ಹುಡುಗಿ ಅದೇ ತಿರುವು ತಿರುಗಿದರೆ ಅದು ಹಳೆಯ ವಿಡಿಯೊವೇ.

ಎರಡು ಹೊಸ ವಿಡಿಯೊ ಮಾಡಿದೆವು. ಒಂದರಲ್ಲಿ ರಿಯಾಯಿತಿಯ ಮಾತು ಹಾಗೇ ಇತ್ತು, ಆರಂಭ ಮಾತ್ರ ಬೇರೆ: ಮಗ್ಗದ ಮೇಲೆ ಸೆರಗಿನ ಎಳೆಗಳನ್ನು ಮೈಯ ಎಳೆಗಳಿಗೆ ಕೊಂಡಿ ಹಾಕಿ ಜೋಡಿಸುವ ಕೈಗಳು. ಇನ್ನೊಂದರಲ್ಲಿ ಆರಂಭ ಹಳೆಯದೇ, ಮಾತು ಹೊಸದು. ವಾಟ್ಸ್‌ಆ್ಯಪ್‌ನಲ್ಲಿ ಗಿರಾಕಿಗಳು ಪದೇ ಪದೇ ಕೇಳುತ್ತಿದ್ದ "ಒಗೆದರೆ ಬಣ್ಣ ಬಿಡುತ್ತಾ?" ಎಂಬುದಕ್ಕೆ ಉತ್ತರ. ಎರಡನ್ನೂ ಒಂದರಲ್ಲೇ ಬದಲಿಸಿದ್ದರೆ ಫಲ ಯಾವುದರಿಂದ ಬಂತೆಂದು ತಿಳಿಯುತ್ತಿರಲಿಲ್ಲ.

ಹಳೆಯ ಜಾಹೀರಾತನ್ನು ತಿದ್ದಲಿಲ್ಲ. ತಿದ್ದಿದರೆ ಮೆಟಾದ ವ್ಯವಸ್ಥೆ ಮತ್ತೆ ಕಲಿಕೆಯ ಹಂತಕ್ಕೆ ಮರಳುತ್ತದೆ. ಆ ಹಂತ ದಾಟಲು ಒಂದು ವಾರದಲ್ಲಿ ಸುಮಾರು 50 ಫಲಿತಾಂಶ ಬೇಕು. ನಮ್ಮಂಥ ಅಂಗಡಿಗೆ ಅದೇನು ಸಣ್ಣ ಸಂಖ್ಯೆಯಲ್ಲ. ಅದೇ ಆ್ಯಡ್ ಸೆಟ್‌ಗೆ ಹೊಸ ವಿಡಿಯೊ ಸೇರಿಸಿದರೂ ಕಲಿಕೆ ಹೊಸದಾಗಿ ಶುರುವಾಗುತ್ತದೆ. ಆದ್ದರಿಂದ ಹೊಸವನ್ನು ಬೇರೆ ಆ್ಯಡ್ ಸೆಟ್‌ಗಳಲ್ಲಿಟ್ಟು, ಮೂರಕ್ಕೂ ದಿನಕ್ಕೆ 1,000 ರೂಪಾಯಿಯಂತೆ ಹಂಚಿದೆವು. ಎರಡನೇ ದಿನವೇ ಮಾಲೀಕರು ತೀರ್ಪು ಕೇಳಿದರು. ಏಳು ದಿನ ತಡೆಯಿರಿ ಎಂದೆ.

ವಾರದ ಕೊನೆಗೆ ಮಗ್ಗದ ವಿಡಿಯೊ 14 ಸೀರೆ ಮಾರಿತ್ತು, ಒಂದಕ್ಕೆ 500 ರೂಪಾಯಿ. ಬಣ್ಣದ ಮಾತಿನದು 9, ಹಳೆಯದು 8. ಇಷ್ಟು ಸಣ್ಣ ಸಂಖ್ಯೆಯಲ್ಲಿ 9ಕ್ಕೂ 8ಕ್ಕೂ ಅಂತರವೇ ಇಲ್ಲ. 14 ಮಾತ್ರ ಏನೋ ಹೇಳುತ್ತಿತ್ತು, ಅದೂ ಮೂರು ಸೆಕೆಂಡಿನ ಲೆಕ್ಕ ಮತ್ತೆ ಮೇಲೆದ್ದಿದ್ದರಿಂದ. ಮುಂದಿನ ವಾರದ ಹಣದ ದೊಡ್ಡ ಪಾಲು ಅದಕ್ಕೇ ಹೋಯಿತು. ಬಣ್ಣದ ಉತ್ತರವನ್ನು ಮಗ್ಗದ ದೃಶ್ಯದ ಹಿಂದೆ ಜೋಡಿಸಿ ಇನ್ನೊಂದು ವಿಡಿಯೊ ಸಿದ್ಧಮಾಡಿಟ್ಟಿದ್ದೇವೆ. ಮಗ್ಗದ್ದರ ಫ್ರೀಕ್ವೆನ್ಸಿ ಈಗ 1.9, ಸೋಮವಾರ ಸೋಮವಾರ ನೋಡುತ್ತಿದ್ದೇನೆ.