ಹೊಸ ಹಾಲು ಪರೀಕ್ಷಾ ಯಂತ್ರಕ್ಕೂ ಕ್ಯಾಲಿಬ್ರೇಷನ್ ಏಕೆ? ಸದಸ್ಯೆಯರ ಪ್ರಶ್ನೆಗಳಿಗೆ ಉತ್ತರ

ಸಿದ್ದರಬೆಟ್ಟದ ಸುತ್ತಮುತ್ತ, ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡದ ಕಡೆ ಮಹಿಳಾ ಹಾಲು ಉತ್ಪಾದಕರ ಸಂಘಕ್ಕೆ ಹೊಸ ಹಾಲು ಪರೀಕ್ಷಾ ಯಂತ್ರ ಬಂದಾಗ ಮೊದಲು ಕೇಳುವ ಮಾತು ಒಂದೇ: "ಹೊಸದಲ್ಲವೇ, ಇವತ್ತು ಸಂಜೆಯಿಂದಲೇ ಹಾಲು ಹಾಕಿ ನೋಡಬಹುದಲ್ಲ?" ಒಂದೆರಡು ದಿನ ಕಾಯಬೇಕು ಎಂದರೆ ಬೇಸರವಾಗುವುದು ಸಹಜ. ಆದರೆ ಆ ಯಂತ್ರ ತೋರಿಸುವ ಫ್ಯಾಟ್ ಮತ್ತು ಎಸ್‌ಎನ್‌ಎಫ್ ಮೇಲೆಯೇ ನಿಮ್ಮ ಬಟವಾಡೆ ನಿಂತಿದೆ. ಆದ್ದರಿಂದ ಸದಸ್ಯೆಯರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ಕಂಪನಿಯವರು ಪರೀಕ್ಷೆ ಮಾಡಿಯೇ ಕಳಿಸಿರುತ್ತಾರೆ. ಮತ್ತೆ ನಾವು ಏಕೆ ನೋಡಬೇಕು?

ಉತ್ತರ: ಕಂಪನಿಯವರು ಪರೀಕ್ಷೆ ಮಾಡಿರುವುದು ನಿಜ. ಆದರೆ ಅವರು ನೋಡಿದ್ದು ತಮ್ಮಲ್ಲಿ ಸಿಕ್ಕ ಹಾಲಿನಿಂದ, ನಿಮ್ಮ ಹಸುವಿನ ಹಾಲಿನಿಂದಲ್ಲ. ಇದು ಏಕೆ ಮುಖ್ಯ ಎಂದು ತಿಳಿಯಲು ಯಂತ್ರ ಕೆಲಸ ಮಾಡುವ ರೀತಿ ಗೊತ್ತಿರಬೇಕು.

ಸಂಘಗಳಲ್ಲಿರುವ ಹೆಚ್ಚಿನ ಯಂತ್ರಗಳು ಹಾಲಿನಿಂದ ಕೊಬ್ಬನ್ನು ಬೇರ್ಪಡಿಸಿ ಅಳೆಯುವುದಿಲ್ಲ. ಹಾಲನ್ನು ಬಿಸಿ ಮಾಡುತ್ತಾ, ನಮ್ಮ ಕಿವಿಗೆ ಕೇಳಿಸದ ಶಬ್ದವನ್ನು ಅದರೊಳಗೆ ಹಾಯಿಸಿ, ಅದು ಎಷ್ಟು ವೇಗವಾಗಿ ಸಾಗಿತು ಎಂದು ಎರಡು ಬೇರೆ ಬೇರೆ ಉಷ್ಣಾಂಶದಲ್ಲಿ ನೋಡುತ್ತವೆ. ಬಿಸಿಯಾದಂತೆ ನೀರಿನಲ್ಲಿ ಶಬ್ದದ ವೇಗ ಹೆಚ್ಚುತ್ತದೆ, ಕೊಬ್ಬಿನಲ್ಲಿ ಕಡಿಮೆಯಾಗುತ್ತದೆ. ಈ ವ್ಯತ್ಯಾಸದಿಂದ ಯಂತ್ರ ಫ್ಯಾಟ್ ಇಷ್ಟು, ಎಸ್‌ಎನ್‌ಎಫ್ ಇಷ್ಟು ಎಂದು ಲೆಕ್ಕ ಹಾಕಿ ಹೇಳುತ್ತದೆ. ಅಂದರೆ ಪರದೆಯ ಮೇಲೆ ಬರುವುದು ನೇರ ಅಳತೆಯಲ್ಲ, ಲೆಕ್ಕ. ಆ ಲೆಕ್ಕವನ್ನು ಯಾವುದೋ ಊರಿನ ಹಾಲಿಗೆ ಹೊಂದಿಸಿರುತ್ತಾರೆ.

ನಮ್ಮ ಕಡೆಯ ಹಸುಗಳು ಹೆಚ್ಚಾಗಿ ಎಚ್‌ಎಫ್ ಮತ್ತು ಜರ್ಸಿ ಮಿಶ್ರತಳಿ. ಮೇವು ರಾಗಿ ಹುಲ್ಲು, ಕಡಲೆಕಾಯಿ ಬಳ್ಳಿ, ಜೋಳದ ಕಡ್ಡಿ, ಜೊತೆಗೆ ಪಶು ಆಹಾರ. ತಳಿ, ಮೇವು, ಕರುಹಾಕಿ ಎಷ್ಟು ದಿನವಾಯಿತು ಎಂಬುದರ ಮೇಲೆ ಹಾಲಿನ ಗುಣ ಬದಲಾಗುತ್ತದೆ. ಇದರ ಜೊತೆಗೆ ಲಾರಿಯಲ್ಲಿ ಬರುವಾಗಿನ ಕುಲುಕಾಟವೂ ಇದೆ. ಹೀಗಾಗಿ ಯಂತ್ರ ಕೆಟ್ಟಿರದಿದ್ದರೂ ಅದು ಹೇಳುವ ಅಂಕಿ ತಪ್ಪಿರಬಹುದು.

ಪ್ರಶ್ನೆ: ಹಾಗಾದರೆ ಯಾವುದನ್ನು ಸರಿ ಎಂದು ನಂಬಿ ತಾಳೆ ನೋಡುತ್ತಾರೆ?

ಉತ್ತರ: ಗರ್ಬರ್ ವಿಧಾನವನ್ನು. ಹಳೆಯ ಸದಸ್ಯೆಯರು ಸಂಘದಲ್ಲಿ ಗಾಜಿನ ಬ್ಯುಟಿರೋಮೀಟರ್ ಇಟ್ಟು ತಿರುಗಿಸುತ್ತಿದ್ದುದನ್ನು ನೋಡಿರಬಹುದು. 10 ಮಿ.ಲೀ. ಗಂಧಕಾಮ್ಲಕ್ಕೆ 10.75 ಮಿ.ಲೀ. ಹಾಲು ಮತ್ತು 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಸೇರಿಸಿ ತಿರುಗಿಸಿದರೆ, ಕೊಬ್ಬು ಬೇರ್ಪಟ್ಟು ಗಾಜಿನ ಕತ್ತಿನಲ್ಲಿ ನಿಲ್ಲುತ್ತದೆ. ಅದನ್ನು ಕಣ್ಣಾರೆ ಓದಬಹುದು. ಎಸ್‌ಎನ್‌ಎಫ್‌ಗೆ ಲ್ಯಾಕ್ಟೋಮೀಟರ್ ಓದಿ, ಫ್ಯಾಟ್ ಜೊತೆ ಸೇರಿಸಿ ಲೆಕ್ಕ ಮಾಡುತ್ತಾರೆ. ಆಮ್ಲ ಚರ್ಮವನ್ನು ಸುಡುವುದರಿಂದ ಈ ಪರೀಕ್ಷೆಯನ್ನು ತರಬೇತಿ ಪಡೆದವರೇ ಮಾಡಬೇಕು.

ಪ್ರಶ್ನೆ: ಮೊದಲ ದಿನ ಏನೇನು ಮಾಡುತ್ತಾರೆ?

ಉತ್ತರ: ಮೊದಲು ಯಂತ್ರವನ್ನು ಅಲುಗಾಡದ ಮೇಜಿನ ಮೇಲೆ, ಬಿಸಿಲು ಬೀಳದ ಕಡೆ ಇಟ್ಟು ಬಿಸಿಯಾಗಲು ಬಿಡುತ್ತಾರೆ. ಬಳಿಕ ಡಿಸ್ಟಿಲ್ಡ್ ನೀರು ಹಾಕಿ ನೋಡುತ್ತಾರೆ. ಆಗ ಫ್ಯಾಟ್ ಸೊನ್ನೆಯ ಹತ್ತಿರ ಬರಬೇಕು.

ಇಲ್ಲಿ ಒಂದು ಎಚ್ಚರ. ನೀರಿಗೆ ಸೊನ್ನೆ ತೋರಿಸಿದ ಮಾತ್ರಕ್ಕೆ ಹಾಲಿಗೂ ಸರಿ ತೋರಿಸುತ್ತದೆ ಎಂದಲ್ಲ. ಖಾಲಿ ತಕ್ಕಡಿ ಸಮ ನಿಂತರೂ ಕಲ್ಲು ಸರಿಯಿಲ್ಲದಿದ್ದರೆ ತೂಕ ತಪ್ಪುವುದಿಲ್ಲವೇ, ಹಾಗೆಯೇ.

ಆದ್ದರಿಂದ ಮುಂದೆ ಸದಸ್ಯೆಯರ ಹಸುಗಳ ತಾಜಾ ಹಾಲಿನಲ್ಲೇ ಮೂರು ಮಾದರಿ ತೆಗೆದುಕೊಳ್ಳುತ್ತಾರೆ. ಒಂದರಲ್ಲಿ ಫ್ಯಾಟ್ ಕಡಿಮೆ, ಒಂದರಲ್ಲಿ ನಡುವೆ, ಇನ್ನೊಂದರಲ್ಲಿ ಹೆಚ್ಚು ಇರಬೇಕು. ಪ್ರತಿ ಮಾದರಿಯನ್ನು ಗರ್ಬರ್‌ನಲ್ಲಿ ಎರಡು ಸಲ, ಯಂತ್ರದಲ್ಲಿ ಐದು ಸಲ ನೋಡುತ್ತಾರೆ. ಯಂತ್ರದ ಮೊದಲ ಓದನ್ನು ಬಿಟ್ಟು ಉಳಿದ ನಾಲ್ಕರ ಸರಾಸರಿ ಹಿಡಿಯುತ್ತಾರೆ. ಒಳಗೆ ಉಳಿದಿದ್ದ ನೀರು ಅಥವಾ ಹಿಂದಿನ ಹಾಲು ಮೊದಲ ಓದಿನಲ್ಲಿ ಬೆರೆತಿರುವ ಸಾಧ್ಯತೆ ಇರುವುದೇ ಇದಕ್ಕೆ ಕಾರಣ.

ಪ್ರಶ್ನೆ: ಒಂದೇ ಮಾದರಿ ಸಾಲದೇ? ಮೂರು ಏಕೆ?

ಉತ್ತರ: ಒಂದು ಉದಾಹರಣೆ ನೋಡೋಣ. ಗರ್ಬರ್‌ನಲ್ಲಿ ಮೂರು ಮಾದರಿಗಳಿಗೆ 3.2, 4.0 ಮತ್ತು 4.8 ಬಂದಿದೆ. ಅದೇ ಹಾಲಿಗೆ ಹೊಸ ಯಂತ್ರ 2.9, 3.7 ಮತ್ತು 4.5 ತೋರಿಸಿದೆ ಎಂದಿಟ್ಟುಕೊಳ್ಳಿ. ಮೂರೂ ಕಡೆ 0.3 ಕಡಿಮೆ. ಆಗ ಯಂತ್ರದಲ್ಲಿ 0.3 ಕೂಡಿಸುವ ತಿದ್ದುಪಡಿ ಕೊಟ್ಟರೆ ಸಾಕು.

ಆದರೆ ವ್ಯತ್ಯಾಸ ಒಂದರಲ್ಲಿ 0.1, ಇನ್ನೊಂದರಲ್ಲಿ 0.3, ಮತ್ತೊಂದರಲ್ಲಿ 0.5 ಬಂದರೆ? ಆಗ ಒಂದೇ ಅಂಕಿ ಕೂಡಿಸಿದರೆ ತೆಳು ಹಾಲಿನವರಿಗೆ ಲಾಭ, ಗಟ್ಟಿ ಹಾಲಿನವರಿಗೆ ನಷ್ಟ. ಅಂಥ ಯಂತ್ರಕ್ಕೆ ತಂತ್ರಜ್ಞರೇ ಬಂದು ಪೂರ್ತಿ ಕ್ಯಾಲಿಬ್ರೇಷನ್ ಮಾಡಬೇಕು. ಒಂದೇ ಮಾದರಿ ನೋಡಿದ್ದರೆ ಈ ತಪ್ಪು ಗೊತ್ತಾಗುತ್ತಲೇ ಇರಲಿಲ್ಲ.

ತಿದ್ದಿದ ಮೇಲೆ, ತಿದ್ದಲು ಬಳಸದ ನಾಲ್ಕನೆಯ ಹಾಲನ್ನು ಎರಡೂ ವಿಧಾನದಲ್ಲಿ ನೋಡಬೇಕು. ಅದು ತಾಳೆಯಾದರೆ ಮಾತ್ರ ಯಂತ್ರವನ್ನು ಬಳಕೆಗೆ ಬಿಡಬೇಕು.

ಪ್ರಶ್ನೆ: 0.3 ಎಂದರೆ ನಮಗೆ ಎಷ್ಟು ನಷ್ಟ?

ಉತ್ತರ: ಲೆಕ್ಕದ ಅನುಕೂಲಕ್ಕೆ, ದರಪಟ್ಟಿಯಲ್ಲಿ ಫ್ಯಾಟ್ 0.1 ಕಡಿಮೆಯಾದರೆ ಲೀಟರಿಗೆ 25 ಪೈಸೆ ಕಡಿಮೆ ಎಂದಿಟ್ಟುಕೊಳ್ಳಿ. ಆಗ 0.3ಕ್ಕೆ ಲೀಟರಿಗೆ 75 ಪೈಸೆ. ಬೆಳಿಗ್ಗೆ 6, ಸಂಜೆ 6 ಲೀಟರ್ ಹಾಕುವವರಿಗೆ ದಿನಕ್ಕೆ 9 ರೂಪಾಯಿ, ತಿಂಗಳಿಗೆ 270 ರೂಪಾಯಿ. ನಿಮ್ಮ ಸಂಘದ ದರಪಟ್ಟಿಯ ಅಂಕಿ ಹಾಕಿ ನೀವೇ ಲೆಕ್ಕ ಮಾಡಿ ನೋಡಿ.

ಯಂತ್ರ 0.3 ಹೆಚ್ಚು ತೋರಿಸಿದರೂ ಖುಷಿಪಡುವಂತಿಲ್ಲ. ಸಂಘದ ಹಾಲನ್ನು ಒಕ್ಕೂಟ ಮತ್ತೆ ಪರೀಕ್ಷಿಸಿ, ಅಲ್ಲಿ ಬಂದ ಅಂಕಿಗೆ ಹಣ ಕೊಡುತ್ತದೆ. ಸಂಘ ನಿಮಗೆ ಹೆಚ್ಚು ಕೊಟ್ಟು ತಾನು ಕಡಿಮೆ ಪಡೆದರೆ, ಆ ನಷ್ಟ ವರ್ಷದ ಕೊನೆಗೆ ಬೋನಸ್‌ನಲ್ಲಿ ಕಾಣುತ್ತದೆ.

ಪ್ರಶ್ನೆ: ಒಮ್ಮೆ ಮಾಡಿದರೆ ಮುಗಿಯಿತೇ? ತಪ್ಪು ತೋರಿಸುತ್ತಿದೆ ಎಂದು ನಮಗೆ ಹೇಗೆ ಗೊತ್ತಾಗಬೇಕು?

ಉತ್ತರ: ಮುಗಿಯುವುದಿಲ್ಲ. ಸರಿಯಾಗಿ ತೊಳೆಯದಿದ್ದರೆ ಯಂತ್ರದೊಳಗೆ ಹಾಲಿನ ಗಸಿ ಕಟ್ಟಿ ಓದು ನಿಧಾನವಾಗಿ ಸರಿಯುತ್ತದೆ. ಮೇವಿನ ಕಾಲ ಬದಲಾದಾಗ, ಯಂತ್ರ ರಿಪೇರಿಯಾಗಿ ಬಂದಾಗ ಮತ್ತೆ ತಾಳೆ ನೋಡಿಸಬೇಕು.

ಅನುಮಾನ ಬಂದರೆ ಅದೇ ಹಾಲನ್ನು ಚೆನ್ನಾಗಿ ಕಲಕಿ ಇನ್ನೊಮ್ಮೆ ಹಾಕಲು ಕೇಳಿ. ಎರಡು ಓದಿನ ನಡುವೆ 0.1ಕ್ಕಿಂತ ಹೆಚ್ಚು ಅಂತರ ಬಂದರೆ ಮೊದಲು ಹಾಲನ್ನೇ ನೋಡಬೇಕು. ಆಗತಾನೇ ಕರೆದ ಹಾಲಿನ ನೊರೆ, ಹುಳಿ ತಿರುಗಿದ ಹಾಲು, ಮೇಲೆ ಕೆನೆ ಕಟ್ಟಿದ ಹಾಲು ಇವೆಲ್ಲ ಯಂತ್ರವನ್ನು ತಪ್ಪು ದಾರಿಗೆಳೆಯುತ್ತವೆ. ಹಸು ಕರೆಯುವಾಗ ಮೊದಲು ಬರುವ ಹಾಲಿನಲ್ಲಿ ಫ್ಯಾಟ್ ಕಡಿಮೆ, ಕೊನೆಯ ಹಾಲಿನಲ್ಲಿ ಹೆಚ್ಚು. ಕೊನೆಯ ಹಾಲನ್ನು ಕರುವಿಗೆ ಬಿಟ್ಟಿದ್ದರೆ ಯಂತ್ರ ಕಡಿಮೆ ತೋರಿಸುವುದು ಯಂತ್ರದ ತಪ್ಪಲ್ಲ.

ಎರಡು ಸಲವೂ ಒಂದೇ ಅಂಕಿ ಬಂದು, ಆದರೂ ಹಲವು ಸದಸ್ಯೆಯರಿಗೆ ಒಂದೇ ವಾರದಲ್ಲಿ ಫ್ಯಾಟ್ ಇಳಿದಿದ್ದರೆ, ಆಗ ಯಂತ್ರದ ಮೇಲೆ ಅನುಮಾನ ಪಡಬೇಕು. ಒಂದೇ ತಪ್ಪನ್ನು ಯಂತ್ರ ಪ್ರತಿ ಸಲವೂ ಹಾಗೆಯೇ ಹೇಳಬಲ್ಲದು. ಅದು ಹೊರಬೀಳುವುದು ಗರ್ಬರ್ ಜೊತೆ ತಾಳೆ ನೋಡಿದಾಗ ಮಾತ್ರ. ಕೊನೆಯ ಸಲ ಯಾವ ದಿನ ಕ್ಯಾಲಿಬ್ರೇಷನ್ ಆಯಿತು, ಆಗ ಬಂದ ಅಂಕಿಗಳೇನು ಎಂದು ಕಾರ್ಯದರ್ಶಿಯವರನ್ನು ಕೇಳಿ, ಪುಸ್ತಕ ತೆಗೆಸಿ ನೋಡಿ. ಹೊಸ ಯಂತ್ರವಾದರೆ ಆ ಪುಸ್ತಕದ ಮೊದಲ ಸಾಲು, ನಿಮ್ಮ ಹಾಲು ಅಳೆದ ಮೊದಲ ದಿನಕ್ಕಿಂತ ಹಿಂದಿನ ತಾರೀಖಿನದಾಗಿರಬೇಕು.